ಭಾಗಿಸಿದರೆ ಹೆಚ್ಚಾಗುವುದು ಹೇಗೆ ಸಾರ್?

ಅಟ್ಟದ ಮೇಲಿನ ಟ್ರಂಕನ್ನು ಇಳಿಸಿ ಧೂಳು ಹೊಡೆಯುತ್ತಿದ್ದಾಗ ಖಾಕಿ ರಟ್ಟಿನ ಒಂದು ನೋಟ್‌ಬುಕ್ಕು ಸಿಕ್ಕಿತು. ಅದು ನಾನು 1994ರಲ್ಲಿ ಟಿ.ಸಿ.ಎಚ್. ಓದುತ್ತಿದ್ದಾಗ ಬರೆದ ಅಭ್ಯಾಸ ಪಾಠಗಳ ದಿನಚರಿ. ಪ್ರತಿ ಪಾಠ ಮುಗಿದ ಮೇಲೆ ಅದೇ ಸಂಜೆ ಎರಡು ಪುಟ ಬರೆಯಬೇಕು, ಪಾಠ ಹೇಗಾಯಿತು, ಏಕೆ ಹಾಗಾಯಿತು ಎಂಬುದನ್ನು ಮುಚ್ಚುಮರೆ ಇಲ್ಲದೆ ಬರೆಯಬೇಕು ಎಂಬುದು ನಮ್ಮ ಉಪನ್ಯಾಸಕರ ಕಟ್ಟಳೆ. ಮೊದಲ ಪಾಠದ ಪುಟಗಳನ್ನು ಮತ್ತೆ ಓದಿದೆ. ಮೊದಲು ನಗು ಬಂತು, ಆಮೇಲೆ ನಗು ನಿಂತಿತು. ಮಕ್ಕಳು ಗಣಿತದ ಪುಸ್ತಕ ತೆರೆದ ಕೂಡಲೇ ಆಕಳಿಸುತ್ತಾರೆ ಎಂದು ದೂರುವ ತಂದೆತಾಯಿಗಳಿಗೂ, ಆಕಳಿಸುವ ಮಕ್ಕಳಿಗೂ ಆ ಪುಟಗಳಲ್ಲಿ ಏನೋ ಇದೆ ಎನ್ನಿಸಿದ್ದರಿಂದ ಈ ವಾರ ಅದನ್ನೇ ನಿಮ್ಮ ಮುಂದಿಡುತ್ತಿದ್ದೇನೆ. ಬರವಣಿಗೆಯನ್ನು ಅಲ್ಲಲ್ಲಿ ತಿದ್ದಿದ್ದೇನೆಯೇ ಹೊರತು ಸಂಗತಿಯನ್ನು ತಿದ್ದಿಲ್ಲ.

ದಿನಚರಿ ಹೀಗೆ ಶುರುವಾಗುತ್ತದೆ:

‘ಏಳನೇ ತರಗತಿ. ವಿಷಯ: ಗಣಿತ. ಘಟಕ: ಭಿನ್ನರಾಶಿಗಳ ಭಾಗಾಕಾರ. ಹಾಜರಿದ್ದ ಮಕ್ಕಳು 42. ಅವಧಿ 40 ನಿಮಿಷ.

‘ಪಾಠ ಯೋಜನೆಯನ್ನು ಮೂರು ಸಲ ತಿದ್ದಿ ಬರೆದಿದ್ದೆ. ಎರಡು ಬಣ್ಣದ ಚಾರ್ಟು ಮಾಡಿದ್ದೆ. ನಿನ್ನೆ ರಾತ್ರಿ ಹಾಸ್ಟೆಲಿನ ಗೋಡೆಗೆ ಎರಡು ಸಲ ಪಾಠ ಹೇಳಿದ್ದೆ. ಗೋಡೆ ಚೆನ್ನಾಗಿ ಕೇಳಿಸಿಕೊಂಡಿತ್ತು.

‘ಮೊದಲ ಐದು ನಿಮಿಷ ಪೂರ್ವಜ್ಞಾನ ಪರೀಕ್ಷೆ. ½ರಲ್ಲಿ ಅಂಶ ಯಾವುದು, ಛೇದ ಯಾವುದು, ¾ನ್ನು ½ರಿಂದ ಗುಣಿಸಿದರೆ ಎಷ್ಟು ಎಂದು ಕೇಳಿದೆ. ಕೈಗಳು ಮೇಲೆದ್ದವು. ನನಗೆ ಧೈರ್ಯ ಬಂತು. ಎಂಟನೇ ನಿಮಿಷಕ್ಕೆ ಚಾರ್ಟು ಬಿಡಿಸಿ ನಿಯಮ ಹೇಳಿದೆ: ಒಂದು ಭಿನ್ನರಾಶಿಯನ್ನು ಇನ್ನೊಂದರಿಂದ ಭಾಗಿಸಬೇಕಾದರೆ ಎರಡನೆಯದನ್ನು ತಲೆಕೆಳಗು ಮಾಡಿ ಗುಣಿಸಬೇಕು. ಹನ್ನೆರಡನೇ ನಿಮಿಷಕ್ಕೆ ಹಲಗೆಯ ಮೇಲೆ ಮೊದಲ ಲೆಕ್ಕ ಮಾಡಿ ತೋರಿಸಿದೆ. ½ ÷ ¼. ಕಾಲನ್ನು ತಲೆಕೆಳಗು ಮಾಡಿದರೆ 4. ಅರ್ಧ ಗುಣಿಸು 4, ಉತ್ತರ 2.

‘ಮೂರನೇ ಸಾಲಿನ ಹುಡುಗನೊಬ್ಬ ಎದ್ದು ನಿಂತ. “ಸಾರ್, ಭಾಗಿಸಿದರೆ ಕಡಿಮೆ ಆಗಬೇಕಲ್ವಾ? ಅರ್ಧ ಇದ್ದದ್ದು ಎರಡು ಹೇಗಾಯ್ತು?” ಎಂದ.

‘ನಾನು ಹೇಳಿದ್ದು: “ನಿಯಮ ಹಾಗೇ ಇದೆ. ಬರಕೋ.”

‘ಅವನು ಕುಳಿತ. ಪಾಠ ಅಲ್ಲಿಗೇ ಮುಗಿದಿತ್ತು. ನನಗೆ ಮಾತ್ರ ಗೊತ್ತಾಗಲಿಲ್ಲ. ಆಮೇಲೆ ಐದು ಲೆಕ್ಕಗಳನ್ನು ಹಲಗೆಯ ಮೇಲೆ ಮಾಡಿದೆ. “ಅರ್ಥವಾಯಿತಾ?” ಎಂದು ಕೇಳಿದಾಗಲೆಲ್ಲ ನಲವತ್ತೆರಡು ಗಂಟಲುಗಳು ಒಂದೇ ರಾಗದಲ್ಲಿ “ಹೂಂ ಸಾರ್” ಎಂದವು. ಹದಿನೆಂಟನೇ ನಿಮಿಷಕ್ಕೆ ಇಬ್ಬರು ನೀರು ಕುಡಿಯಲು ಹೋಗಬೇಕೆಂದರು. ಇಪ್ಪತ್ತನೇ ನಿಮಿಷಕ್ಕೆ ಹಿಂದಿನ ಸಾಲಿನಲ್ಲಿ ಒಬ್ಬಳು ಇನ್ನೊಬ್ಬಳಿಗೆ ಜಡೆ ಹಾಕುತ್ತಿದ್ದಳು. ನಾನು ಹಲಗೆಯತ್ತ ತಿರುಗಿ ಇನ್ನೂ ಜೋರಾಗಿ ಹೇಳಿದೆ. ಕೊನೆಗೆ ಮೌಲ್ಯಮಾಪನಕ್ಕೆ ಒಂದು ಲೆಕ್ಕ ಕೊಟ್ಟು ಪುಸ್ತಕಗಳನ್ನು ತೆಗೆದುಕೊಂಡು ಬಂದೆ. ಮಕ್ಕಳು ಸೋಮಾರಿಗಳು. ತಳಪಾಯ ಗಟ್ಟಿಯಿಲ್ಲ.’

ದಿನಚರಿಯ ಮೊದಲ ಪುಟ ಇಲ್ಲಿಗೆ ನಿಲ್ಲುತ್ತದೆ. ಕೊನೆಯ ಎರಡು ವಾಕ್ಯಗಳ ಕೆಳಗೆ ಉಪನ್ಯಾಸಕರ ಕೆಂಪು ಶಾಯಿಯ ಗೆರೆ ಇದೆ. ಅಂಚಿನಲ್ಲಿ ಅವರು ಒಂದೇ ಒಂದು ಪ್ರಶ್ನೆ ಬರೆದಿದ್ದರು: ‘ಆ ಹುಡುಗ ಕೇಳಿದ್ದಕ್ಕೆ ಉತ್ತರ ನಿನಗೆ ಗೊತ್ತಿತ್ತೇನಯ್ಯಾ?’

ಆ ಪ್ರಶ್ನೆ ಓದಿ ನಾನು ಬಹಳ ಹೊತ್ತು ಸುಮ್ಮನೆ ಕುಳಿತದ್ದು ನೆನಪಿದೆ. ಗೊತ್ತಿರಲಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ಒಳ್ಳೆಯ ಅಂಕ ಬಂದಿತ್ತು. ತಲೆಕೆಳಗು ಮಾಡಿ ಗುಣಿಸುವುದನ್ನು ನೂರಾರು ಸಲ ಮಾಡಿದ್ದೆ. ಅರ್ಧವನ್ನು ಕಾಲರಿಂದ ಭಾಗಿಸುವುದು ಎಂದರೆ ಏನು ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ಗೊತ್ತಿಲ್ಲದ್ದನ್ನು ಮುಚ್ಚಿಕೊಳ್ಳಲು ‘ನಿಯಮ ಹಾಗೇ ಇದೆ’ ಎಂದಿದ್ದೆ. ಹನ್ನೆರಡು ವರ್ಷದ ಮಕ್ಕಳಿಗೆ ಅದು ತಿಳಿಯುವುದಿಲ್ಲವೇ? ಮೇಷ್ಟ್ರನ್ನು ಕೇಳಿ ಪ್ರಯೋಜನವಿಲ್ಲ, ಬರೆದುಕೊಂಡರೆ ಸಾಕು ಎಂದು ನಲವತ್ತೆರಡೂ ಮಂದಿ ಒಂದೇ ಗಳಿಗೆಯಲ್ಲಿ ಅರಿತಿದ್ದರು. ಜಡೆ ಹಾಕುವುದು, ನೀರು ಕುಡಿಯಲು ಹೋಗುವುದು ಎಲ್ಲ ಅದರ ನಂತರದ ಸಂಗತಿಗಳು.

ಅಂದು ರಾತ್ರಿ ಮಕ್ಕಳ ಪುಸ್ತಕಗಳನ್ನು ಬಿಡಿಸಿ ಕುಳಿತೆ. ಕೊಟ್ಟಿದ್ದ ಲೆಕ್ಕ ¾ ÷ ½. ಸರಿಯಾದ ಉತ್ತರ 3/2, ಅಂದರೆ ಒಂದೂವರೆ. ಇಪ್ಪತ್ತೇಳು ಮಂದಿ ಸರಿ ಬರೆದಿದ್ದರು. ಉಳಿದವರಲ್ಲಿ ಒಂಬತ್ತು ಮಂದಿಯ ಉತ್ತರ 2/3. ಅವರು ಎರಡನೆಯದರ ಬದಲು ಮೊದಲನೆಯದನ್ನು ತಲೆಕೆಳಗು ಮಾಡಿದ್ದರು. ನಾಲ್ವರು ಎರಡನ್ನೂ ತಲೆಕೆಳಗು ಮಾಡಿ 8/3 ಎಂದು ಬರೆದಿದ್ದರು. ಇಬ್ಬರು ಏನೂ ಬರೆದಿರಲಿಲ್ಲ.

ತಪ್ಪು ಮಾಡಿದವರನ್ನು ‘ಗಮನ ಕೊಡಲಿಲ್ಲ’ ಎಂದು ಗದರಿಸುವುದು ಸುಲಭ. ಆದರೆ ಯೋಚಿಸಿ ನೋಡಿ. ‘ಯಾವುದೋ ಒಂದನ್ನು ತಲೆಕೆಳಗು ಮಾಡಬೇಕು’ ಎಂಬುದಷ್ಟೇ ತಲೆಯಲ್ಲಿ ಉಳಿದ ಮಗುವಿಗೆ ಯಾವುದನ್ನು ಎಂದು ಹೇಳಿಕೊಡುವ ದಾರಿ ಯಾವುದು? ನಾನು ಕೊಟ್ಟ ಪಾಠದಲ್ಲಿ ಅಂಥ ದಾರಿಯೇ ಇರಲಿಲ್ಲ. ಸರಿ ಬರೆದ ಇಪ್ಪತ್ತೇಳು ಮಂದಿಯಲ್ಲೂ ಎಷ್ಟು ಮಂದಿಗೆ ತಮ್ಮ ಉತ್ತರ ಸರಿ ಎಂದು ತಾವೇ ಹೇಳುವ ಶಕ್ತಿ ಇತ್ತು? ಅದನ್ನು ಆ ಪುಸ್ತಕಗಳಿಂದ ತಿಳಿಯುವಂತಿರಲಿಲ್ಲ.

ಮರುದಿನ ಬೆಳಿಗ್ಗೆ ಶಾಲೆಗೆ ಬೇಗ ಹೋಗಿ ಆ ಹುಡುಗನನ್ನು ಕರೆದೆ. “ನಿನ್ನೆ ನೀನು ಕೇಳಿದ್ದಕ್ಕೆ ನನಗೆ ಉತ್ತರ ಗೊತ್ತಿರಲಿಲ್ಲ ಕಣೋ” ಎಂದೆ. ಅವನು ಗಾಬರಿಯಿಂದ ನನ್ನ ಮುಖ ನೋಡಿದ. ಹಾಗೇ ಮಾತು ಬೆಳೆಯಿತು. ಅವನ ತಾಯಿ ಸಂತೆಯಲ್ಲಿ ಮಂಡಕ್ಕಿ ಮಾರುತ್ತಿದ್ದರು. ಸಂತೆಯ ದಿನ ಶಾಲೆ ಬಿಟ್ಟ ಮೇಲೆ ಅಳೆದು ಕೊಡುವ ಕೆಲಸ ಇವನದು. ನನಗೇನೋ ಹೊಳೆದಂತಾಗಿ ಕೇಳಿದೆ: “ಎರಡು ಸೇರು ಮಂಡಕ್ಕಿಯನ್ನು ಪಾವಿನಲ್ಲಿ ಅಳೆದರೆ ಎಷ್ಟು ಪಾವು ಆಗುತ್ತದೆ?”

“ಎಂಟು ಸಾರ್” ಎಂದ, ರೆಪ್ಪೆ ಬಡಿಯುವಷ್ಟರಲ್ಲಿ.

“ಎರಡು ಇದ್ದದ್ದು ಎಂಟು ಹೇಗಾಯ್ತು?”

ಅವನು ನಕ್ಕ. “ಪಾವು ಸಣ್ಣದಲ್ವಾ ಸಾರ್!”

ನಾನು ಹುಡುಕುತ್ತಿದ್ದ ಉತ್ತರ ಅದೇ. ಪಾವು ಎಂದರೆ ಕಾಲು ಸೇರು. ಎರಡು ಸೇರನ್ನು ಪಾವಿನಲ್ಲಿ ಅಳೆಯುವುದೆಂದರೆ 2 ÷ ¼. ಅಳತೆ ಸಣ್ಣದಾದಷ್ಟೂ ಎಣಿಕೆ ಹೆಚ್ಚುತ್ತದೆ. ಮಂಡಕ್ಕಿ ಒಂದು ಕಾಳೂ ಹೆಚ್ಚಾಗಿಲ್ಲ. ಹೆಚ್ಚಾದದ್ದು ಎಷ್ಟು ಸಲ ತುಂಬಿದೆವು ಎಂಬ ಲೆಕ್ಕ.

ನಮ್ಮ ಭಾಷೆಯೇ ಇಲ್ಲಿ ಮಕ್ಕಳನ್ನು ಸ್ವಲ್ಪ ದಾರಿ ತಪ್ಪಿಸುತ್ತದೆ. ಭಾಗಾಕಾರ ಎಂದರೆ ಭಾಗ ಮಾಡುವುದು, ಹಂಚುವುದು. ಹನ್ನೆರಡು ಬಾಳೆಹಣ್ಣನ್ನು ಮೂರು ಮಂದಿಗೆ ಹಂಚಿದರೆ ಒಬ್ಬರಿಗೆ ನಾಲ್ಕು. ಮೂರನೇ ತರಗತಿಯಿಂದ ಮಗು ಇದನ್ನೇ ಮಾಡಿಕೊಂಡು ಬಂದಿದೆ, ಹಂಚಿದಾಗಲೆಲ್ಲ ಕಡಿಮೆಯಾಗಿದೆ. ಆದರೆ ಬಾಳೆಹಣ್ಣನ್ನು ಕಾಲು ಮನುಷ್ಯನಿಗೆ ಹಂಚುವುದು ಹೇಗೆ? ಹಂಚುವ ಅರ್ಥ ಅಲ್ಲಿ ನಿಂತುಹೋಗುತ್ತದೆ. ಭಾಗಾಕಾರಕ್ಕೆ ಇನ್ನೊಂದು ಅರ್ಥವಿದೆ: ಇದರಲ್ಲಿ ಅದು ಎಷ್ಟು ಸಲ ಇದೆ ಎಂದು ಅಳೆಯುವುದು. ಹನ್ನೆರಡು ಹಣ್ಣಿನಲ್ಲಿ ಮೂರು ಮೂರರ ಚಿಪ್ಪು ಎಷ್ಟು? ಅದಕ್ಕೂ ನಾಲ್ಕೇ ಉತ್ತರ. ಪೂರ್ಣಸಂಖ್ಯೆಗಳಲ್ಲಿ ಎರಡೂ ಅರ್ಥಕ್ಕೆ ಒಂದೇ ಉತ್ತರ ಬರುವುದರಿಂದ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ. ಭಿನ್ನರಾಶಿಗೆ ಬಂದಾಗ ಮಗು ಹಂಚುವ ಅರ್ಥವನ್ನೇ ಹಿಡಿದುಕೊಂಡು ಬರುತ್ತದೆ, ಮುಗ್ಗರಿಸುತ್ತದೆ. ಮೂರನೇ ಸಾಲಿನ ಹುಡುಗ ಮುಗ್ಗರಿಸಿದ್ದು ಇಲ್ಲೇ. ಅವನದು ದಡ್ಡ ಪ್ರಶ್ನೆಯಲ್ಲ. ಅಂದಿನ ತರಗತಿಯಲ್ಲಿ ನಿಜವಾಗಿ ಗಣಿತ ಮಾಡಿದವನು ಅವನೊಬ್ಬನೇ.

ಎರಡು ದಿನ ಬಿಟ್ಟು ಎರಡನೇ ಪಾಠ. ಹುಡುಗ ತಾಯಿಯನ್ನು ಕೇಳಿ ಸೇರು, ಅಚ್ಚೇರು, ಪಾವು ಮೂರೂ ಅಳತೆಗಳನ್ನು ಚೀಲದಲ್ಲಿ ಹಾಕಿಕೊಂಡು ಬಂದ. ನಾನು ಒಂದು ಚೀಲ ಮಂಡಕ್ಕಿ ಕೊಂಡೆ. ದಿನಚರಿಯಲ್ಲಿ ಆ ದಿನದ ಪುಟ ಇದು:

‘ಇಂದು ಚಾರ್ಟು ಇಲ್ಲ, ನಿಯಮವೂ ಇಲ್ಲ. ಮೇಜಿನ ಮೇಲೆ ಮೂರು ಅಳತೆ. ಮೊದಲ ಪ್ರಶ್ನೆ ½ ÷ ¼. ಅಚ್ಚೇರಿನಲ್ಲಿ ಪಾವು ಎಷ್ಟು? ಇಬ್ಬರು ಹುಡುಗಿಯರು ಬಂದು ಅಳೆದರು. ಗೋಪುರದಂತೆ ತುಂಬಿದ ಪಾವನ್ನು ಸುರಿದದ್ದರಿಂದ ಎರಡು ಸಲಕ್ಕೆ ಮೊದಲೇ ಅಚ್ಚೇರು ತುಂಬಿ ಚೆಲ್ಲಿತು. ಅಳತೆಯ ಬಾಯಿಯ ಮೇಲೆ ಕೈ ಸವರಿ ಸಮ ಮಾಡಬೇಕು ಎಂದು ಮೂರನೇ ಸಾಲಿನವನು ಕೂತಲ್ಲಿಂದಲೇ ಕೂಗಿದ. ಸಮ ಮಾಡಿದರು. ಸರಿಯಾಗಿ ಎರಡು.

‘ಆಮೇಲೆ ¾ ÷ ½. ಮುಕ್ಕಾಲು ಸೇರು ಮಂಡಕ್ಕಿಯನ್ನು ಅಚ್ಚೇರಿನಲ್ಲಿ ಅಳೆಯಿರಿ. ಅಳೆಯುವ ಮೊದಲು ಉತ್ತರ ಊಹಿಸಿ ಎಂದೆ. “ಒಂದಕ್ಕಿಂತ ಜಾಸ್ತಿ” ಎಂದು ಒಬ್ಬಳು. ಏಕೆ? “ಮುಕ್ಕಾಲು ಅರ್ಧಕ್ಕಿಂತ ದೊಡ್ಡದು.” ಇನ್ನೊಬ್ಬ ಹೇಳಿದ: “ಎರಡಕ್ಕಿಂತ ಕಮ್ಮಿ. ಎರಡು ಅಚ್ಚೇರಾದರೆ ಪೂರ್ತಿ ಸೇರೇ ಆಯ್ತಲ್ಲ.” ಹಲಗೆಯ ಮೇಲೆ ಮೊನ್ನೆಯ ಮೂರು ಉತ್ತರಗಳನ್ನು ಬರೆದೆ: 3/2, 2/3, 8/3. ಯಾವುದು ಇರಬಹುದು ಎಂದೆ. 2/3 ಒಂದಕ್ಕಿಂತ ಕಡಿಮೆ, ಆಗದು. 8/3 ಎರಡಕ್ಕಿಂತ ಹೆಚ್ಚು, ಆಗದು. ಹಾಗೆ ಬರೆದಿದ್ದವರೇ ಮೊದಲು ಅದನ್ನು ಹೊಡೆದು ಹಾಕಿದರು.

‘ಅಳೆದಾಗ ಒಂದು ಅಚ್ಚೇರು ತುಂಬಿ ಒಂದು ಪಾವು ಉಳಿಯಿತು. ಈಗ ಜಗಳ ಶುರುವಾಯಿತು. ಅರ್ಧ ತರಗತಿ ಉತ್ತರ ಒಂದೂಕಾಲು ಎಂದಿತು. ಉಳಿದದ್ದು ಪಾವು, ಪಾವೆಂದರೆ ಕಾಲು, ಆದ್ದರಿಂದ ಒಂದೂಕಾಲು. ಇನ್ನರ್ಧ ಒಂದೂವರೆ ಎಂದಿತು. ನಾನು ಬಾಯಿ ಬಿಡಲಿಲ್ಲ. ಬಹಳ ಕಷ್ಟವಾಯಿತು. ಕೊನೆಗೆ ಜಡೆ ಹಾಕುತ್ತಿದ್ದ ಹುಡುಗಿ ಎದ್ದು ಬಂದು ಉಳಿದ ಮಂಡಕ್ಕಿಯನ್ನು ಅಚ್ಚೇರಿಗೇ ಸುರಿದು ತೋರಿಸಿದಳು. ಅಚ್ಚೇರು ಅರ್ಧ ತುಂಬಿತು. “ಸೇರಿನ ಲೆಕ್ಕದಲ್ಲಿ ಇದು ಕಾಲು. ನಾವು ಅಳೀತಿರೋದು ಅಚ್ಚೇರಲ್ಲಿ. ಅಚ್ಚೇರಿನ ಲೆಕ್ಕದಲ್ಲಿ ಅರ್ಧ” ಎಂದಳು. ಗಂಟೆ ಹೊಡೆಯಿತು. ಯಾರೂ ಏಳಲಿಲ್ಲ.’

ಓದುಗರೇ, ಈ ಪುಟವನ್ನು ಓದಿ ನಾನು ಮಹಾ ಶಿಕ್ಷಕನಾಗಿಬಿಟ್ಟೆ ಎಂದುಕೊಳ್ಳಬೇಡಿ. ಅದೇ ಪುಟದ ಕೆಳಗೆ ಲೋಪಗಳ ಪಟ್ಟಿಯೂ ಇದೆ. ನಲವತ್ತು ನಿಮಿಷದಲ್ಲಿ ಎರಡೇ ಲೆಕ್ಕ ಆಗಿತ್ತು. ಕಾಲು ಚೀಲ ಮಂಡಕ್ಕಿ ಮಕ್ಕಳ ಹೊಟ್ಟೆ ಸೇರಿತ್ತು. ಹಿಂದಿನ ಎರಡು ಸಾಲಿನವರಿಗೆ ಮೇಜು ಕಾಣುತ್ತಿರಲಿಲ್ಲ. ಪಠ್ಯಪುಸ್ತಕದ ನಿಯಮ ಬಂದೇ ಇರಲಿಲ್ಲ. ಉಪನ್ಯಾಸಕರು ಅಂಚಿನಲ್ಲಿ ಬರೆದದ್ದು: ‘ಒಳ್ಳೆಯದು. ಆದರೆ ಪರೀಕ್ಷೆಗೆ ಮಂಡಕ್ಕಿ ಒಯ್ಯಲಾಗದು. ನಿಯಮಕ್ಕೆ ಸೇತುವೆ ಎಲ್ಲಿ?’

ಸೇತುವೆ ಮೂರನೇ ಪಾಠದಲ್ಲಿ ಬಂತು. 2 ÷ ¾ ಎಂಬ ಲೆಕ್ಕ ತೆಗೆದುಕೊಂಡೆವು. ಎರಡು ಸೇರಿನಲ್ಲಿ ಪಾವು ಎಷ್ಟು? ಒಂದು ಸೇರಿಗೆ ನಾಲ್ಕರಂತೆ 2 × 4 = 8. ಆದರೆ ನಮ್ಮ ಅಳತೆ ಪಾವಲ್ಲ, ಮೂರು ಪಾವಿನ ಒಂದು ಡಬ್ಬ. ಅಳತೆ ಮೂರು ಪಟ್ಟು ದೊಡ್ಡದಾದರೆ ಎಣಿಕೆ ಮೂರರಲ್ಲಿ ಒಂದು ಪಾಲಾಗುತ್ತದೆ. 8 ÷ 3, ಅಂದರೆ ಎರಡು ಡಬ್ಬ ತುಂಬಿ ಮೂರನೆಯದು ಮೂರರಲ್ಲಿ ಎರಡು ಪಾಲು ತುಂಬುತ್ತದೆ. ಈಗ ಏನು ಮಾಡಿದೆವು ಎಂದು ನೋಡಿ. ಭಾಜಕದ ಛೇದ ನಾಲ್ಕರಿಂದ ಗುಣಿಸಿದೆವು, ಅಂಶ ಮೂರರಿಂದ ಭಾಗಿಸಿದೆವು. ¾ನ್ನು ತಲೆಕೆಳಗು ಮಾಡಿ 4/3ರಿಂದ ಗುಣಿಸುವುದು ಎಂದರೆ ಇಷ್ಟೇ. ತಲೆಕೆಳಗಾಗಬೇಕಾದ್ದು ಎರಡನೆಯದೇ ಏಕೆ ಎಂಬುದಕ್ಕೂ ಇದೇ ಉತ್ತರ: ಅಳತೆಯ ಪಾತ್ರೆ ಅದು. ಮೊದಲನೆಯದು ಅಳೆಯಬೇಕಾದ ಮಂಡಕ್ಕಿ. ಅದನ್ನು ತಲೆಕೆಳಗು ಮಾಡಿದರೆ ಚೆಲ್ಲಿಹೋಗುತ್ತದೆ! ಈ ಕಡೆಯ ಮಾತು ನನ್ನದಲ್ಲ, ಮೂರನೇ ಸಾಲಿನವನದು. ಆಮೇಲೆ ಆ ತರಗತಿಯಲ್ಲಿ ಮೊದಲನೆಯದನ್ನು ತಲೆಕೆಳಗು ಮಾಡಿದವರು ಬಹಳ ಕಡಿಮೆ.

ಅಳತೆಯ ಪಾತ್ರೆಗೂ ಮಿತಿಯಿದೆ. 2/3 ÷ 5/7 ಎಂಬ ಲೆಕ್ಕಕ್ಕೆ ಯಾವ ಸಂತೆಯಲ್ಲೂ ಅಳತೆ ಸಿಗುವುದಿಲ್ಲ. ಅಲ್ಲಿ ಎರಡನ್ನೂ ಒಂದೇ ಗಾತ್ರದ ಚೂರುಗಳಾಗಿ ಮಾಡಿಕೊಳ್ಳಬೇಕು. ಇಪ್ಪತ್ತೊಂದನೇ ಒಂದರ ಚೂರುಗಳಾದರೆ 2/3ರಲ್ಲಿ ಅಂಥವು 14, 5/7ರಲ್ಲಿ 15. ಹದಿನಾಲ್ಕರಲ್ಲಿ ಹದಿನೈದು ಎಷ್ಟು ಸಲ? 14/15, ಒಂದಕ್ಕೆ ಕೂದಲೆಳೆಯಷ್ಟು ಕಡಿಮೆ. ತಲೆಕೆಳಗು ಮಾಡಿ ಗುಣಿಸಿದರೂ ಅಷ್ಟೇ ಬರುತ್ತದೆ. ಚೂರು ಸಮನಾದರೆ ಉಳಿಯುವುದು ಬರೀ ಪೂರ್ಣಸಂಖ್ಯೆಯ ಭಾಗಾಕಾರ.

ಎಷ್ಟೋ ವರ್ಷಗಳ ಮೇಲೆ ಒಂದು ಪುಸ್ತಕ ಕೈಗೆ ಬಂತು. ಲೀಪಿಂಗ್ ಮಾ ಎಂಬಾಕೆ ಚೀನಾದಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿದ್ದು, ಆಮೇಲೆ ಅಮೆರಿಕಕ್ಕೆ ಹೋಗಿ ಸಂಶೋಧನೆ ಮಾಡಿದವರು. ಅವರ ಪುಸ್ತಕ 1999ರಲ್ಲಿ ಪ್ರಕಟವಾಯಿತು. ಅದರಲ್ಲಿ ಎರಡೂ ದೇಶದ ಶಿಕ್ಷಕರ ಮುಂದೆ 1¾ ÷ ½ ಎಂಬ ಲೆಕ್ಕ ಇಟ್ಟು, ಇದನ್ನು ಬಿಡಿಸಿ, ಇದಕ್ಕೊಂದು ಕತೆ ಕಟ್ಟಿ ಎಂದು ಕೇಳಿದ ಅಧ್ಯಾಯವಿದೆ. ಅಮೆರಿಕದ 23 ಶಿಕ್ಷಕರಲ್ಲಿ ಪೂರ್ತಿ ಸರಿಯಾಗಿ ಬಿಡಿಸಿದವರು 9 ಮಂದಿ. ಕತೆ ಕಟ್ಟಹೋದವರಲ್ಲಿ ಅನೇಕರು ಒಂದೂ ಮುಕ್ಕಾಲನ್ನು ಇಬ್ಬರಿಗೆ ಸಮನಾಗಿ ಹಂಚಿದ ಕತೆ ಹೇಳಿದರು. ಅದು ಎರಡರಿಂದ ಭಾಗಿಸಿದ ಕತೆ, ಅರ್ಧದಿಂದ ಭಾಗಿಸಿದ್ದಲ್ಲ. ಆ ಪುಟ ಓದುವಾಗ ನನಗೆ ನನ್ನ ಮೊದಲ ಪಾಠ ಕಣ್ಣಿಗೆ ಕಟ್ಟಿತು. ‘ಬರಕೋ’ ಎಂದವನು ನಾನೊಬ್ಬನೇ ಅಲ್ಲವೆಂದು ಸ್ವಲ್ಪ ಸಮಾಧಾನವೂ ಆಯಿತು, ಸ್ವಲ್ಪ ಭಯವೂ ಆಯಿತು.

ಹಾಗಾಗಿ ತಂದೆತಾಯಿಗಳಲ್ಲಿ ನನ್ನದೊಂದು ಮಾತು. ಮನೆಯಲ್ಲಿ ಏಳನೇ ತರಗತಿಯ ಮಗುವಿದ್ದರೆ ಈ ಲೆಕ್ಕದ ಉತ್ತರ ಎಷ್ಟು ಎಂದು ಕೇಳುವ ಬದಲು, ಇದಕ್ಕೊಂದು ಕತೆ ಹೇಳು ಎನ್ನಿ. 1¾ ÷ ½ ಇರಲಿ. ಒಂದೂ ಮುಕ್ಕಾಲು ಲೀಟರ್ ಹಾಲನ್ನು ಅರ್ಧ ಲೀಟರ್ ಪಾತ್ರೆಯಲ್ಲಿ ಅಳೆದರೆ ಮೂರು ಪಾತ್ರೆ ತುಂಬಿ ನಾಲ್ಕನೆಯದು ಅರ್ಧ ತುಂಬುತ್ತದೆ ಎಂದು ಮಗು ಹೇಳಿದರೆ ಅದಕ್ಕೆ ತಿಳಿದಿದೆ. ಇಬ್ಬರಿಗೆ ಹಂಚಿದರೆ ಎಂದು ಶುರು ಮಾಡಿದರೆ, ಉತ್ತರ ಪುಸ್ತಕದಲ್ಲಿ ಸರಿಯಿದ್ದರೂ ಒಳಗೆ ಸರಿಯಿಲ್ಲ. ಬೈಯಬೇಡಿ, ಅಡಿಗೆಮನೆಗೆ ಕರೆದೊಯ್ದು ಒಂದು ಲೋಟ, ಒಂದು ಪಾತ್ರೆ ಕೊಡಿ. ಮಗು ‘ಹೂಂ, ಗೊತ್ತಾಯ್ತು’ ಎಂದು ಬೇಗ ಬೇಗ ಹೇಳಿದರೆ ಸ್ವಲ್ಪ ಅನುಮಾನವನ್ನೂ ಪಡಿ. ನನ್ನ ತರಗತಿಯೂ ಅಂದು ಹಾಗೆಯೇ ಹೇಳಿತ್ತು.

ದಿನಚರಿಯ ಮೊದಲ ಪುಟಕ್ಕೆ ಮತ್ತೆ ಬಂದೆ. ‘ಮಕ್ಕಳು ಸೋಮಾರಿಗಳು. ತಳಪಾಯ ಗಟ್ಟಿಯಿಲ್ಲ’ ಎಂಬ ಎರಡು ವಾಕ್ಯಗಳನ್ನು ನಾನು ಆಗಲೇ ನೀಲಿ ಶಾಯಿಯಲ್ಲಿ ಹೊಡೆದು ಹಾಕಿದ್ದೆ. ಅದರ ಪಕ್ಕದಲ್ಲಿ ಉಪನ್ಯಾಸಕರ ಪ್ರಶ್ನೆಗೆ ಉತ್ತರವಾಗಿ ಬರೆದ ಒಂದು ಸಾಲಿದೆ: ‘ಗೊತ್ತಿರಲಿಲ್ಲ ಸಾರ್. ನಾಳೆ ಅವನನ್ನೇ ಕೇಳುತ್ತೇನೆ.’